ಸುಟ್ಟರೆ ತೂಕ ಏರುತ್ತದೆ, ಎಷ್ಟೆಂದು ಮೊದಲೇ ಗೊತ್ತು!

ಸೌದೆ ಉರಿದರೆ ಉಳಿಯುವುದು ಹಿಡಿ ಬೂದಿ. ಆದರೆ 2.4 ಗ್ರಾಂ ಮೆಗ್ನೀಸಿಯಮ್ ರಿಬ್ಬನ್ ಉರಿದು ಬಿಳಿ ಪುಡಿಯಾದಾಗ ಅದರ ತೂಕ 4 ಗ್ರಾಂ! ಅದಕ್ಕಿಂತ ಸೋಜಿಗವೆಂದರೆ, ಬೆಂಕಿಕಡ್ಡಿ ಗೀರುವ ಮೊದಲೇ ಈ ನಾಲ್ಕನ್ನು ಕಾಗದದ ಮೇಲೆ ಬರೆದಿಡಬಹುದು. ಪ್ರಥಮ ಪಿಯುಸಿಯ ಅಸೈನ್‌ಮೆಂಟ್‌ನಲ್ಲಿ ಒಣಕಲಾಗಿ ಕಾಣುವ ಲೆಕ್ಕ ಇದೇ.

ಆವರ್ತಕೋಷ್ಟಕದಲ್ಲಿ ಮೆಗ್ನೀಸಿಯಮ್ ಎದುರು ಸುಮಾರು 24 ಎಂದಿದೆ. ಅಷ್ಟೇ ಗ್ರಾಂ ತೂಗಿದರೆ ಒಂದು ಮೋಲ್, ಅಂದರೆ 6.022×10²³ ಪರಮಾಣುಗಳು. ಅದು ಅದರ ಮೋಲಾರ್ ದ್ರವ್ಯರಾಶಿ. ಹಾಗಾದರೆ 2.4 ಗ್ರಾಂ ಎಂದರೆ 0.1 ಮೋಲ್. ಎಣಿಸಲು ಆಯುಸ್ಸು ಸಾಲದ ಪರಮಾಣುಗಳನ್ನು ತಕ್ಕಡಿ ಕ್ಷಣದಲ್ಲಿ ಎಣಿಸಿಬಿಟ್ಟಿತು! (2019ರಿಂದ ಆ ಬೃಹತ್ ಸಂಖ್ಯೆ ಅಳತೆಯ ಫಲವಲ್ಲ, ಜಗತ್ತೇ ಒಪ್ಪಿ ನಿಗದಿ ಮಾಡಿದ್ದು.)

ಈಗ ಸಮೀಕರಣ: 2Mg + O₂ → 2MgO. ಎರಡು ಮೋಲ್ ಲೋಹಕ್ಕೆ ಒಂದು ಮೋಲ್ ಆಮ್ಲಜನಕ. ನಮ್ಮ 0.1ಕ್ಕೆ ಬೇಕಾದದ್ದು 0.05 ಮೋಲ್. O₂ ಅಣುವಿನ ಮೋಲಾರ್ ದ್ರವ್ಯರಾಶಿ 32, ಆದ್ದರಿಂದ 1.6 ಗ್ರಾಂ. ಕೂಡಿ: 2.4 + 1.6 = 4.0. ಏರಿದ ತೂಕ ಗಾಳಿಯಿಂದ ಬಂದದ್ದು!

ಪ್ರಶ್ನೆಪತ್ರಿಕೆಯ ಕುತಂತ್ರ ಇನ್ನೂ ಮಜವಾಗಿದೆ. ಮುಚ್ಚಿದ ಪಾತ್ರೆಯಲ್ಲಿ 2.4 ಗ್ರಾಂ ಮೆಗ್ನೀಸಿಯಮ್, 2.0 ಗ್ರಾಂ ಆಮ್ಲಜನಕ. ಮೊದಲು ಮುಗಿಯುವುದು ಯಾವುದು? ತೂಕ ನೋಡಿದರೆ ಆಮ್ಲಜನಕ ಕಡಿಮೆ. ಮೋಲ್‌ಗೆ ತಂದರೂ ಅದೇ ಕಡಿಮೆ: 0.0625, ಎದುರಿಗೆ 0.1. ಬಹಳ ಹುಡುಗರು ಇಲ್ಲೇ ಆಮ್ಲಜನಕವೆಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಆದರೆ ಬೇಕಿದ್ದುದು ಬರೀ 0.05! ಮುಗಿಯುವುದು ಮೆಗ್ನೀಸಿಯಮ್ಮೇ, ಅದೇ ಲಿಮಿಟಿಂಗ್ ರಿಯೇಜೆಂಟ್, 0.4 ಗ್ರಾಂ ಆಮ್ಲಜನಕ ಹಾಗೆಯೇ ಉಳಿಯುತ್ತದೆ. ಇರುವುದೆಷ್ಟು ಎಂಬುದನ್ನು ಬೇಕಾದದ್ದೆಷ್ಟು ಎಂಬುದರ ಪಕ್ಕದಲ್ಲಿಟ್ಟೇ ನೋಡಬೇಕು.

ಇನ್ನು ಲ್ಯಾಬ್‌ನ ಮೂಸೆಗೆ ಬನ್ನಿ. ಅಲ್ಲಿ ಸಾಮಾನ್ಯವಾಗಿ 4 ಗ್ರಾಂ ಪೂರ್ತಿ ಬರುವುದಿಲ್ಲ. ಯಾಕೆಂದರೆ ಆ ಸುಡುವ ಲೋಹ ಗಾಳಿಯ ಸಾರಜನಕವನ್ನೂ ಬಿಡದೆ ಹಿಡಿದು Mg₃N₂ ಆಗಿಬಿಡುತ್ತದೆ! ಅಷ್ಟೂ ಲೋಹ ಹೀಗೆ ನೈಟ್ರೈಡ್ ಆಗಿದ್ದರೆ ತೂಕ ಬರೀ 3.33 ಗ್ರಾಂ ಆಗುತ್ತಿತ್ತು. ಸ್ವಲ್ಪ ಭಾಗ ಹಾಗಾದರೂ ಲೆಕ್ಕ ಕೆಳಗಿಳಿಯುತ್ತದೆ. ಪತ್ತೆ ಹೇಗೆ? ಮೂಸೆ ಆರಿದ ಮೇಲೆ ಕೆಲವು ಹನಿ ನೀರು ಬಿಡಿ. ಮೂಗಿಗೆ ಚುರ್ ಎನ್ನುವ ಅಮೋನಿಯಾ! ನೈಟ್ರೈಡ್ ಒಡೆದು ಹೈಡ್ರಾಕ್ಸೈಡ್ ಆಯಿತು. ಮತ್ತೆ ಚೆನ್ನಾಗಿ ಕಾಯಿಸಿದರೆ ಅದರಲ್ಲಿನ ನೀರು ಹಾರಿ ಆಕ್ಸೈಡ್ ಉಳಿಯುತ್ತದೆ. ಎರಡು ಸಲ ತೂಗಿದರೂ ಒಂದೇ ತೂಕ ಬರುವವರೆಗೆ ಕಾಯಿಸಿ. ಆಗಲೂ ಕಡಿಮೆ ಬಂದರೆ, ಮುಚ್ಚಳ ಎತ್ತಿದಾಗ ಬಿಳಿ ಹೊಗೆಯಾಗಿ ಹೊರಟದ್ದು ನಿಮ್ಮ ಆಕ್ಸೈಡೇ.