ಪಾಸ್ ಎಂದ ಸಾಲಿನ ಹಿಂದೆ ಏನಿದೆ?

ಊಟಕ್ಕೆ ಕೂರುವ ಮುಂಚೆ ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ಗ್ಲೂಕೋಮೀಟರಿನ ಪಟ್ಟಿಗೆ ತಾಗಿಸಿದಿರಿ ಎಂದುಕೊಳ್ಳಿ. ಪರದೆಯ ಮೇಲೆ 220 ಎಂದು ಬಂತು. ಆ ಅಂಕಿಯನ್ನು ಫೋನಿನ ಆ್ಯಪ್‌ಗೆ ಹಾಕಿ, ತಟ್ಟೆಯಲ್ಲಿರುವ ಊಟದಲ್ಲಿ 60 ಗ್ರಾಂ ಕಾರ್ಬೋಹೈಡ್ರೇಟ್ ಇದೆ ಎಂದು ತಿಳಿಸಿದರೆ, ಎಷ್ಟು ಯೂನಿಟ್ ಇನ್ಸುಲಿನ್ ಬೇಕೆಂದು ಅದು ಹೇಳುತ್ತದೆ. ಇದರ ಲೆಕ್ಕ ಕಷ್ಟದ್ದಲ್ಲ. ನಿಮ್ಮ ಡಾಕ್ಟರು ಗುರಿಯನ್ನು 120ಕ್ಕೆ ಇಟ್ಟಿದ್ದಾರೆ. ಒಂದು ಯೂನಿಟ್ ಇನ್ಸುಲಿನ್ ನಿಮ್ಮಲ್ಲಿ ಸಕ್ಕರೆಯನ್ನು 50ರಷ್ಟು ಇಳಿಸುತ್ತದೆ, 15 ಗ್ರಾಂ ಕಾರ್ಬೋಹೈಡ್ರೇಟಿಗೂ ಒಂದು ಯೂನಿಟ್ ಸಾಕು ಎಂದು ಬರೆದುಕೊಟ್ಟಿದ್ದಾರೆ. ಗುರಿಗಿಂತ ಹೆಚ್ಚಿರುವ 100ಕ್ಕೆ 2 ಯೂನಿಟ್, ಊಟಕ್ಕೆ 4, ಒಟ್ಟು 6. ಹಿಂದೆ ತೆಗೆದುಕೊಂಡ ಇನ್ಸುಲಿನ್ ಮೈಯಲ್ಲಿ ಉಳಿದಿದ್ದರೆ ಅದನ್ನೂ ಕಳೆಯಬೇಕು. ಆ ಲೆಕ್ಕವನ್ನು ಇಲ್ಲಿ ಬಿಡೋಣ.

ಈಗ ಇನ್ನೊಂದು ದಿನ ಪರದೆಯಲ್ಲಿ 58 ಬಂತು. ಕೈ ನಡುಗುತ್ತಿದೆ, ಬೆವರು ಇಳಿಯುತ್ತಿದೆ. ಈ ಹೊತ್ತಿನಲ್ಲಿ ಬೇಕಾದದ್ದು ಇನ್ಸುಲಿನ್ ಅಲ್ಲ, ಸಕ್ಕರೆ. ಆ್ಯಪ್ ಡೋಸ್ ಹೇಳದೆ ಎಚ್ಚರಿಕೆ ತೋರಿಸಬೇಕು. ಹಾಗೆ ತೋರಿಸಿಯೇ ತೋರಿಸುತ್ತದೆ ಎನ್ನುವುದಕ್ಕೆ ಆಧಾರವೇನು? ಆಡಿಟ್‌ಗೆ ಬಂದವರು ಕೇಳುವುದು ಇದನ್ನೇ. ಉತ್ತರವಾಗಿ ಅವರ ಮುಂದೆ ಇಡುವ ಕಾಗದದ ಹೆಸರು ಟ್ರೇಸಬಿಲಿಟಿ ಮ್ಯಾಟ್ರಿಕ್ಸ್.

ಅಮೆರಿಕ, ಯುರೋಪಿನ ಆಸ್ಪತ್ರೆಗಳಲ್ಲಿ ಬಳಸುವ ಎಷ್ಟೋ ಸಾಫ್ಟ್‌ವೇರಿನ ಟೆಸ್ಟಿಂಗ್ ನಡೆಯುವುದು ಬೆಂಗಳೂರಿನಲ್ಲಿ. ಈ ಮ್ಯಾಟ್ರಿಕ್ಸ್ ತುಂಬಿದ ಸಾವಿರಾರು ಕನ್ನಡದ ಹುಡುಗ ಹುಡುಗಿಯರು ಇಲ್ಲಿದ್ದಾರೆ. ನಾನೂ ವರ್ಷಗಟ್ಟಲೆ ತುಂಬಿದ್ದೇನೆ. ಮನೆಯವರು ‘ನಿನ್ನ ಕೆಲಸ ಏನು’ ಎಂದು ಕೇಳಿದಾಗ ನಾನು ಕೊಡುವ ಹೋಲಿಕೆ ಜಮೀನಿನದು. ಸೈಟು ಕೊಳ್ಳುವ ಮುಂಚೆ ವಕೀಲರು ಮೂಲಪತ್ರ ಕೇಳುತ್ತಾರೆ. ಯಾರಿಂದ ಯಾರಿಗೆ ಬಂತು, ಯಾವ ವರ್ಷ ಖಾತೆ ಬದಲಾಯಿತು, ಈಗ ಯಾರ ಹೆಸರಿನಲ್ಲಿದೆ ಎಂದು ಒಂದೊಂದೇ ಕೊಂಡಿಯನ್ನು ಹಿಡಿದು ನೋಡುತ್ತಾರೆ. ನಡುವೆ ಒಂದು ಕೊಂಡಿ ಕಳಚಿದ್ದರೂ ಕೈಯಲ್ಲಿರುವ ಪತ್ರವನ್ನು ನಂಬುವುದಿಲ್ಲ. ಮ್ಯಾಟ್ರಿಕ್ಸ್ ಕೂಡ ಹಾಗೇ ಒಂದು ಕೊಂಡಿಗಳ ಪಟ್ಟಿ. ಬಳಸುವವರಿಗೆ ಏನು ಬೇಕು, ಅದಕ್ಕಾಗಿ ಸಾಫ್ಟ್‌ವೇರ್ ಏನು ಮಾಡಬೇಕೆಂದು ಬರೆಯಲಾಗಿದೆ, ತಪ್ಪಿದರೆ ಯಾವ ಅಪಾಯ, ಆ ಮಾತನ್ನು ಯಾವ ಟೆಸ್ಟ್ ಕೇಸ್ ಪರೀಕ್ಷಿಸುತ್ತದೆ, ಆ ಟೆಸ್ಟ್ ಯಾವ ಬಿಲ್ಡ್ ಮೇಲೆ ನಡೆಯಿತು, ಫಲಿತಾಂಶ ಏನು ಎಂಬುದೆಲ್ಲ ಒಂದೇ ಸಾಲಿನಲ್ಲಿ ಇರುತ್ತದೆ.

ಇದು ಕಂಪನಿಯ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ವೈದ್ಯಕೀಯ ಸಾಫ್ಟ್‌ವೇರಿಗೆ IEC 62304 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದು ಸಾಫ್ಟ್‌ವೇರನ್ನು A, B, C ಎಂದು ಮೂರು ವರ್ಗ ಮಾಡುತ್ತದೆ. ತಪ್ಪಿದರೆ ಸಾವು ಅಥವಾ ಗಂಭೀರ ಹಾನಿ ಆಗಬಹುದಾದದ್ದು C. ರಿಕ್ವೈರ್‌ಮೆಂಟ್, ಟೆಸ್ಟ್, ಅಪಾಯ ತಡೆಯುವ ಕ್ರಮ ಇವು ಒಂದಕ್ಕೊಂದು ಹೇಗೆ ಕೊಂಡಿಯಾಗಿವೆ ಎಂದು ತೋರಿಸಬೇಕೆಂದು ಆ ಮಾನದಂಡವೇ ಕೇಳುತ್ತದೆ. ಭಾರತದಲ್ಲೂ 2020ರ ಏಪ್ರಿಲ್ 1ರಿಂದ ಇಂಥ ಸಾಫ್ಟ್‌ವೇರ್ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬಂದಿದೆ.

ನಮ್ಮ ಇನ್ಸುಲಿನ್ ಆ್ಯಪ್ ಕಲ್ಪಿತ, ಆದರೆ ಅದರಲ್ಲಿ ನಾನು ತೋರಿಸಲಿರುವ ತಪ್ಪುಗಳ ಜಾತಿಯನ್ನು ಈ ಕೆಲಸದಲ್ಲಿರುವವರೆಲ್ಲ ಕಂಡಿದ್ದಾರೆ. ಆಡಿಟ್ ದಿನ ಅದರ ಮ್ಯಾಟ್ರಿಕ್ಸ್‌ನಲ್ಲಿ ಈ ಸಾಲು ಇದೆ ಎನ್ನೋಣ:

```
UN-03 | SRS-42 v2 | RSK-07 | TC-118 v1 | Build 1.4.0 | Pass
```

ಕೊನೆಯ ಮನೆಯಲ್ಲಿ ಹಸಿರು ಬಣ್ಣ. ತರಬೇತಿ ಇಲ್ಲದ ಕಣ್ಣಿಗೆ ಎಲ್ಲ ಸರಿಯಾಗಿದೆ. ಅನುಭವಿ ಆಡಿಟರ್ ಎಲ್ಲ ಸಾಲುಗಳನ್ನೂ ಓದುವುದಿಲ್ಲ. ಅಪಾಯದ ಸಂಖ್ಯೆ ಇರುವ ನಾಲ್ಕೈದು ಸಾಲು ಆರಿಸಿ, ಒಂದನ್ನು ಹಿಡಿದು ಎಳೆಯುತ್ತಾರೆ. “SRS-42 ತೋರಿಸಿ” ಎನ್ನುತ್ತಾರೆ. ಅದರ ಎರಡನೇ ಆವೃತ್ತಿ ಹೀಗಿದೆ: ‘ಸಕ್ಕರೆ 70ಕ್ಕಿಂತ ಕಡಿಮೆ ಇದ್ದರೆ ಎಚ್ಚರಿಕೆ ತೋರಿಸಬೇಕು ಮತ್ತು ಡೋಸ್ ಸೂಚಿಸಬಾರದು, ಯಾವ ಅಳತೆಯಲ್ಲಿ ನಮೂದಿಸಿದರೂ ಇದು ಅನ್ವಯಿಸುತ್ತದೆ.’ ಆಮೇಲೆ “TC-118 ತೆರೆಯಿರಿ” ಎನ್ನುತ್ತಾರೆ. ಅದರಲ್ಲಿ ಇರುವುದು ಎರಡೇ ಹೆಜ್ಜೆ: 50 ಎಂದು ನಮೂದಿಸಿ, ಎಚ್ಚರಿಕೆ ಬಂತೇ ನೋಡಿ.

ಅಲ್ಲಿಗೆ ಸಾಲಿನ ಬಣ್ಣ ಬಯಲಾಯಿತು. ಟೆಸ್ಟ್ ಬರೆದಾಗ ರಿಕ್ವೈರ್‌ಮೆಂಟಿನ ಮೊದಲ ಆವೃತ್ತಿ ಇತ್ತು, ಅದರಲ್ಲಿ ಎಚ್ಚರಿಕೆಯ ಮಾತು ಮಾತ್ರ ಇತ್ತು. ಡೋಸ್ ಸೂಚಿಸಬಾರದು ಎನ್ನುವುದು ಆಮೇಲೆ ಸೇರಿತು. ರಿಕ್ವೈರ್‌ಮೆಂಟ್ v2 ಆದರೂ ಟೆಸ್ಟ್ v1 ಆಗಿಯೇ ಉಳಿಯಿತು, ಕೊಂಡಿ ಮಾತ್ರ ಹಾಗೇ ಮುಂದುವರಿಯಿತು. ಹೆಚ್ಚಿನ ಟೂಲ್‌ಗಳಲ್ಲಿ ರಿಕ್ವೈರ್‌ಮೆಂಟ್ ಬದಲಾದರೆ ಅದಕ್ಕೆ ಅಂಟಿದ ಕೊಂಡಿ ‘ಅನುಮಾನ’ ಎಂದು ಗುರುತಾಗುವ ಸೌಲಭ್ಯವಿದೆ. ಎಕ್ಸೆಲ್ ಶೀಟಿನಲ್ಲಿ ಅದು ತಾನಾಗಿ ಆಗುವುದಿಲ್ಲ, ಮನುಷ್ಯರೇ ನೆನಪಿಟ್ಟು ಮಾಡಬೇಕು. ಇನ್ನು ಬಿಲ್ಡ್ ಸಂಖ್ಯೆ: ಟೆಸ್ಟ್ ನಡೆದದ್ದು 1.4.0 ಮೇಲೆ, ರೋಗಿಗಳ ಫೋನಿಗೆ ಹೋಗುತ್ತಿರುವುದು 2.0.0. ಪಾಸ್ ಆದದ್ದು ಬೇರೆ ಸಾಫ್ಟ್‌ವೇರ್.

ಆ ಎರಡು ಬಿಲ್ಡ್‌ಗಳ ನಡುವೆ ಏನಾಯಿತು ಎನ್ನುವುದೇ ಇಲ್ಲಿ ತಿಳಿಯಬೇಕಾದ ಸಂಗತಿ. ನಮ್ಮಲ್ಲಿ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ, mg/dL. ಬ್ರಿಟನ್ನಿನಲ್ಲಿ mmol/L. ಒಂದರಿಂದ ಇನ್ನೊಂದಕ್ಕೆ ಹೋಗಲು ಸುಮಾರು 18ರಿಂದ ಭಾಗಿಸಬೇಕು. 70 ಎನ್ನುವುದು ಅಲ್ಲಿ 3.9 ಆಗುತ್ತದೆ. 2.0ರಲ್ಲಿ ಈ ಎರಡನೇ ಅಳತೆಯನ್ನೂ ಸೇರಿಸಿದರು. ಸೆಟ್ಟಿಂಗ್ಸ್‌ನಲ್ಲಿ mmol/L ಆರಿಸಿದರೆ ಅಪಾಯದ ಗಡಿ 3.9 ಆಗುವಂತೆ ಬರೆದರು. ಮತ್ತೆ mg/dL ಆರಿಸಿದಾಗ ಗಡಿಯನ್ನು 70ಕ್ಕೆ ತರುವ ಸಾಲು ಮಾತ್ರ ಬಿಟ್ಟುಹೋಯಿತು. ಒಮ್ಮೆ ಕುತೂಹಲಕ್ಕೆ ಅಳತೆ ಬದಲಿಸಿ ವಾಪಸ್ ಬಂದವರ ಫೋನಿನಲ್ಲಿ ಗಡಿ 3.9ರಲ್ಲೇ ನಿಂತಿತು. ಅವರು 58 ನಮೂದಿಸಿದರೆ, 58 ಎನ್ನುವುದು 3.9ಕ್ಕಿಂತ ದೊಡ್ಡದು, ಹಾಗಾಗಿ ಎಚ್ಚರಿಕೆ ಇಲ್ಲ. ಲೆಕ್ಕ ಮುಂದುವರಿಯುತ್ತದೆ: ಗುರಿಗಿಂತ 62 ಕಡಿಮೆ ಇರುವುದಕ್ಕೆ 1.24 ಕಳೆದು, ಊಟಕ್ಕೆ 4 ಸೇರಿಸಿ, 2.76 ಯೂನಿಟ್ ತೆಗೆದುಕೊಳ್ಳಿ ಎನ್ನುತ್ತದೆ. ಸಕ್ಕರೆ ಕುಸಿದು ನಡುಗುತ್ತಿರುವವರಿಗೆ ಇನ್ಸುಲಿನ್!

ಹಾಗೆ ನೋಡಿದರೆ ಯಾರೂ ಎಚ್ಚರಿಕೆಯ ಕೋಡನ್ನು ಮುಟ್ಟಲೇ ಇಲ್ಲ. ಅಳತೆಯ ಕೆಲಸ ಮಾಡಿದವರು ಅಳತೆಯ ಟೆಸ್ಟ್‌ಗಳನ್ನು ಓಡಿಸಿದರು, ಅವೆಲ್ಲ ಪಾಸಾದವು. ಇದೇ ಕಾರಣಕ್ಕೆ ಮ್ಯಾಟ್ರಿಕ್ಸ್ ಬೇಕಾಗುವುದು ಆಡಿಟ್ ದಿನಕ್ಕಿಂತ ಹೆಚ್ಚಾಗಿ ಬದಲಾವಣೆಯ ದಿನ. ಅಮೆರಿಕದ ಎಫ್‌ಡಿಎ 2002ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಒಂದು ಲೆಕ್ಕವಿದೆ. 1992ರಿಂದ 1998ರವರೆಗೆ ಮಾರುಕಟ್ಟೆಯಿಂದ ವಾಪಸ್ ಕರೆಸಿದ 3140 ಪ್ರಕರಣಗಳನ್ನು ಪರಿಶೀಲಿಸಿದಾಗ 242ಕ್ಕೆ ಸಾಫ್ಟ್‌ವೇರ್ ಕಾರಣವಾಗಿತ್ತು. ಆ 242ರಲ್ಲಿ 192, ಅಂದರೆ ನೂರಕ್ಕೆ 79ರಷ್ಟು, ಮೊದಲ ಬಿಡುಗಡೆಯ ನಂತರ ಮಾಡಿದ ಬದಲಾವಣೆಯಲ್ಲಿ ನುಸುಳಿದ ತಪ್ಪುಗಳು. ನಮ್ಮ ಆ್ಯಪ್‌ನದೂ ಅದೇ ಕಥೆ.

ಅಳತೆ ಬದಲಿಸುವ ಮುನ್ನ ಯಾರಾದರೂ ಮ್ಯಾಟ್ರಿಕ್ಸನ್ನು ಹಿಂದಿನಿಂದ ಮುಂದಕ್ಕೆ ಓದಿದ್ದರೆ ಏನಾಗುತ್ತಿತ್ತು? ಸಕ್ಕರೆಯ ಅಂಕಿಯನ್ನು ಬಳಸುವ ರಿಕ್ವೈರ್‌ಮೆಂಟ್‌ಗಳು ಯಾವುವು ಎಂದು ಹುಡುಕಿದಾಗ SRS-42 ಕಣ್ಣಿಗೆ ಬೀಳುತ್ತಿತ್ತು. ಅದರ ಪಕ್ಕದಲ್ಲೇ ಸಕ್ಕರೆ ಕುಸಿತದ ಅಪಾಯ RSK-07 ಇದೆ. ಅಲ್ಲಿಗೆ ಮೂರು ಕೆಲಸ ಹೊಳೆಯುತ್ತದೆ. ಮೊದಲನೆಯದು, ಆ ರಿಕ್ವೈರ್‌ಮೆಂಟಿನ ವಾಕ್ಯವನ್ನು ಒಡೆಯುವುದು. ‘ಮತ್ತು’ ಇರುವ ವಾಕ್ಯಕ್ಕೆ ಒಂದೇ ಟೆಸ್ಟ್ ಕಟ್ಟಿದರೆ ಅರ್ಧ ಪರೀಕ್ಷಿಸಿದರೂ ಇಡೀ ಸಾಲು ಹಸಿರಾಗುತ್ತದೆ. ಎಚ್ಚರಿಕೆ ಒಂದು ಸಾಲು, ಡೋಸ್ ತಡೆಯುವುದು ಇನ್ನೊಂದು, ಅಳತೆ ಬದಲಿಸಿದ ಮೇಲೂ ಇವೆರಡೂ ನಡೆಯುವುದು ಮೂರನೆಯದು. ಎರಡನೆಯ ಕೆಲಸ, 50ರಂಥ ಸುಲಭದ ಅಂಕಿ ಬಿಟ್ಟು ಗಡಿಯ ಮೇಲೇ ನಿಲ್ಲುವುದು: 69, 70, 71, ಹಾಗೆಯೇ 3.8 ಮತ್ತು 3.9. ಮೂರನೆಯದು, ಬಳಸುವವರು ಮಾಡುವ ಹಾಗೆಯೇ ಅಳತೆಯನ್ನು ಆಚೆ ಈಚೆ ಬದಲಿಸಿ ನೋಡುವುದು. ಹೀಗೆ ಬರೆದ TC-203 ಮೊದಲ ಸಲವೇ ತಪ್ಪನ್ನು ಹಿಡಿಯುತ್ತದೆ:

```
SRS-42C v1 | RSK-07 | TC-203 v1 | Build 2.0.0 | Fail | DEF-88
SRS-42C v1 | RSK-07 | TC-203 v1 | Build 2.0.1 | Pass
```

ಈ ಎರಡು ಸಾಲು ನನಗೆ ಆ ಒಂದು ಹಸಿರು ಸಾಲಿಗಿಂತ ಎಷ್ಟೋ ಹೆಚ್ಚು ನಂಬಿಕೆ ಕೊಡುತ್ತವೆ. ತಪ್ಪು ಸಿಕ್ಕಿತು, ಅದಕ್ಕೊಂದು ಸಂಖ್ಯೆ ಬಿತ್ತು, ಸರಿಪಡಿಸಿದ ಬಿಲ್ಡ್ ಮೇಲೆ ಅದೇ ಟೆಸ್ಟನ್ನು ಮತ್ತೆ ಓಡಿಸಿದರು. ಆಡಿಟ್ ಹತ್ತಿರ ಬಂದಾಗ ಫೇಲ್ ಸಾಲುಗಳನ್ನು ಅಳಿಸಿ ‘ಚೊಕ್ಕ’ ಮಾಡುವ ಅಭ್ಯಾಸ ಕೆಲವು ಕಡೆ ಇದೆ. ಅದು ಅಪ್ರಾಮಾಣಿಕ ಮಾತ್ರವಲ್ಲ, ಅನುಮಾನಕ್ಕೂ ದಾರಿ. ನೂರಾರು ಟೆಸ್ಟ್‌ಗಳಲ್ಲಿ ಒಂದೂ ಫೇಲ್ ಆಗಿಲ್ಲ ಎಂದರೆ ಆಡಿಟರ್ ಮೊದಲು ನೋಡುವುದು ದಿನಾಂಕಗಳನ್ನು. ಟೆಸ್ಟ್ ಕೇಸಿಗೆ ಒಪ್ಪಿಗೆ ಸಿಕ್ಕ ದಿನಕ್ಕಿಂತ ಮುಂಚೆಯೇ ಅದನ್ನು ಓಡಿಸಿದ ದಿನಾಂಕ ಇದೆಯೇ? ಒಬ್ಬರೇ ಒಂದೇ ಮಧ್ಯಾಹ್ನ ಎಂಬತ್ತು ಟೆಸ್ಟ್ ಮುಗಿಸಿದರೇ? ಕೊಂಡಿಗಳೆಲ್ಲ ಹಿಂದಿನ ರಾತ್ರಿ ಸೃಷ್ಟಿಯಾದವೇ? ಟೂಲ್‌ನ ಇತಿಹಾಸದಲ್ಲಿ ಇದೆಲ್ಲ ದಾಖಲಾಗಿರುತ್ತದೆ.

ನನ್ನ ಮೊದಲ ಕೆಲಸದಲ್ಲಿ, ಹೆಸರು ಬೇಡ, ಅಂಥ ಒಂದು ರಾತ್ರಿ ಕಳೆದಿದ್ದೇನೆ. ಖಾಲಿ ಇರುವ ಮನೆಗಳ ಪಟ್ಟಿ ಕೊಟ್ಟು, ಹತ್ತಿರದ ಹೆಸರಿನ ಟೆಸ್ಟ್ ಕೇಸ್ ಹುಡುಕಿ ತುಂಬಿ ಎಂದರು. ರಿಕ್ವೈರ್‌ಮೆಂಟಿನಲ್ಲಿ ‘ಅಲಾರಂ’ ಎಂದಿದ್ದರೆ ಹೆಸರಿನಲ್ಲಿ ‘ಅಲಾರಂ’ ಇರುವ ಟೆಸ್ಟನ್ನು ಅಂಟಿಸಿದೆವು. ಬೆಳಗಿನ ಹೊತ್ತಿಗೆ ಒಂದೂ ಖಾಲಿ ಮನೆ ಉಳಿಯಲಿಲ್ಲ, ಆದರೆ ನಮಗೆ ಯಾವುದು ಪರೀಕ್ಷೆಯಾಗಿದೆ, ಯಾವುದು ಆಗಿಲ್ಲ ಎಂಬುದು ಹಿಂದಿನ ದಿನಕ್ಕಿಂತ ಕಡಿಮೆ ಗೊತ್ತಿತ್ತು. ಖಾಲಿ ಮನೆಯಾದರೂ ನಿಜ ಹೇಳುತ್ತಿತ್ತು.

ಮ್ಯಾಟ್ರಿಕ್ಸ್‌ಗೂ ಒಂದು ಮಿತಿ ಇದೆ, ಅದನ್ನು ಹೇಳಲೇಬೇಕು. ಬರೆದಿಟ್ಟ ಮಾತು ಪರೀಕ್ಷೆಯಾಯಿತೇ ಎಂದು ಅದು ತೋರಿಸುತ್ತದೆ. ಬರೆಯದೇ ಬಿಟ್ಟದ್ದನ್ನು ತೋರಿಸುವುದಿಲ್ಲ. ಅಳತೆ ಬದಲಿಸಿ ವಾಪಸ್ ಬರುವವರನ್ನು ಯಾರೂ ಊಹಿಸದಿದ್ದರೆ SRS-42C ಎಂಬ ಸಾಲೇ ಹುಟ್ಟುತ್ತಿರಲಿಲ್ಲ, ಆಗಲೂ ಪಟ್ಟಿ ಪೂರ್ಣವಾಗಿಯೇ ಕಾಣುತ್ತಿತ್ತು. ಅದನ್ನು ಊಹಿಸಲು ಡಾಕ್ಟರು, ನರ್ಸ್, ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಅಪಾಯಗಳ ಚರ್ಚೆಯಲ್ಲಿ ಕೂತಿರಬೇಕು.

ಈ ಕೆಲಸಕ್ಕೆ ಈಗಷ್ಟೇ ಸೇರಿರುವ ತಂಗಿ ತಮ್ಮಂದಿರಲ್ಲಿ ನನ್ನದೊಂದು ವಿನಂತಿ: ಒಂದು ಕೊಂಡಿ ಹಾಕುವ ಮುನ್ನ ಎರಡೂ ಕಡೆಯನ್ನು ತೆರೆದು ಓದಿ. ಟೆಸ್ಟ್ ಆ ವಾಕ್ಯವನ್ನು ನಿಜಕ್ಕೂ ಪರೀಕ್ಷಿಸದಿದ್ದರೆ ಮನೆ ಖಾಲಿಯೇ ಇರಲಿ, ನಿಮ್ಮ ಲೀಡ್‌ಗೆ ಹೋಗಿ ಖಾಲಿ ಇದೆ ಎಂದು ಹೇಳಿ.