ಡೇಟಾಬೇಸಿಗೆ ಯಾವ ವಿಳಾಸದಿಂದ ಬಂದಿರಿ?

ಕ್ಲೌಡ್‌ನಲ್ಲಿ ಡೇಟಾಬೇಸ್ ಇಟ್ಟುಕೊಂಡಿರುವ ಸಣ್ಣ ಕಂಪನಿಗಳ ಫೈರ್‌ವಾಲ್ ಪಟ್ಟಿ ತೆರೆದರೆ ಆಗಾಗ ಕಣ್ಣಿಗೆ ಬೀಳುವ ಒಂದು ಸಾಲಿದೆ: `0.0.0.0/0`. ಜಗತ್ತಿನ ಯಾವ ಮೂಲೆಯಿಂದ ಯಾರು ಬಂದರೂ ಬಿಡು ಎಂದು ಅದರ ಅರ್ಥ. ಅದು ಅಲ್ಲಿಗೆ ಬಂದ ಬಗೆಯೂ ಸಾಮಾನ್ಯವಾಗಿ ಒಂದೇ. ಮನೆಯಿಂದ ಕೆಲಸ ಮಾಡುವವರೊಬ್ಬರು ‘ಕನೆಕ್ಟ್ ಆಗ್ತಿಲ್ಲ ಸಾರ್’ ಅನ್ನುತ್ತಾರೆ. ಅವರ ಮನೆಯ ಐಪಿ ವಿಳಾಸವನ್ನು ಪಟ್ಟಿಗೆ ಸೇರಿಸುತ್ತಾರೆ. ರೂಟರ್ ಆಫ್ ಆಗಿ ಆನ್ ಆದರೆ ವಿಳಾಸ ಬದಲಾಗಿರುತ್ತದೆ, ಮತ್ತೆ ಫೋನ್. ಕೊನೆಗೆ ಬೇಸತ್ತು, ‘ಸದ್ಯಕ್ಕೆ ಇರಲಿ’ ಎಂದು ಎಲ್ಲರಿಗೂ ತೆರೆದುಬಿಡುತ್ತಾರೆ. ಆ ‘ಸದ್ಯಕ್ಕೆ’ ವರ್ಷಗಟ್ಟಲೆ ನಡೆಯುತ್ತದೆ.

ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಆದರೆ ತೆರೆದ ಬಾಗಿಲು ಹುಡುಕುವುದು ಈಗ ಕಷ್ಟದ ಕೆಲಸವಲ್ಲ. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಹೊರತಂದ ಜೆಡ್‌ಮ್ಯಾಪ್ ಎಂಬ ಸಾಧನ ಒಂದೇ ಕಂಪ್ಯೂಟರಿನಿಂದ, ಮುಕ್ಕಾಲು ಗಂಟೆಯೊಳಗೆ, ಇಡೀ ಐಪಿವಿ4 ಇಂಟರ್ನೆಟ್ಟಿನ ಒಂದು ಪೋರ್ಟನ್ನು ತಟ್ಟಿ ನೋಡಬಲ್ಲದು. 2017ರ ಜನವರಿಯಲ್ಲಿ ಹೀಗೆ ತೆರೆದುಕೊಂಡಿದ್ದ, ಪಾಸ್‌ವರ್ಡ್ ಕೂಡ ಇಡದ ಸಾವಿರಾರು ಮೊಂಗೊಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ಹಣ ಕೊಟ್ಟರೆ ವಾಪಸ್ ಎಂಬ ಚೀಟಿ ಬಿಟ್ಟುಹೋಗಿದ್ದರು.

ಹಾಗಾದರೆ ಮನೆಗಳ ವಿಳಾಸವನ್ನೇ ತಾಳ್ಮೆಯಿಂದ ಬರೆಯುತ್ತ ಹೋಗಬಹುದಲ್ಲ? ಅದೂ ಸರಿಹೋಗದು. ನಮ್ಮ ಮೊಬೈಲ್ ಕಂಪನಿಗಳು, ಅನೇಕ ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ಬಹಳಷ್ಟು ಗ್ರಾಹಕರಿಗೆ ಹಂಚಿರುತ್ತವೆ. ಅದನ್ನು ಪಟ್ಟಿಗೆ ಸೇರಿಸಿದರೆ ನಿಮ್ಮ ನೌಕರನ ಜೊತೆ ಗುರುತಿಲ್ಲದ ಹತ್ತಾರು ಮನೆಗಳಿಗೂ ದಾರಿ ಕೊಟ್ಟಂತೆ.

ಇದಕ್ಕೆ ಉಪಾಯ ಕಂಪನಿಯ ವಿಪಿಎನ್. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನ ಒಂದು ಕಂಪನಿ. ನೌಕರರು ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರಿನ ತಮ್ಮ ಮನೆಗಳಲ್ಲಿ. ಡೇಟಾಬೇಸ್ ಇರುವುದು ಅಮೆಜಾನ್ ಕ್ಲೌಡ್‌ನ ಮುಂಬೈ ಕೇಂದ್ರದಲ್ಲಿ, ಪೋಸ್ಟ್‌ಗ್ರೆಸ್ ಮಾದರಿಯದು. ವಿಪಿಎನ್ ಸರ್ವರ್ ಬೇರೆ ಕಡೆ ಇದೆ. ನೌಕರರ ಲ್ಯಾಪ್‌ಟಾಪ್‌ಗಳು ಮೊದಲು ಅದಕ್ಕೆ ಗುಪ್ತ ಸುರಂಗ ಕೊರೆದುಕೊಂಡು ಸೇರುತ್ತವೆ, ಅಲ್ಲಿಂದ ಹೊರಜಗತ್ತಿಗೆ ಹೋಗುವಾಗ ಎಲ್ಲರೂ ಒಂದೇ ಖಾಯಂ ವಿಳಾಸ ಹೊತ್ತಿರುತ್ತಾರೆ. ಅದು 203.0.113.25 ಎಂದಿರಲಿ, ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸಗಳಲ್ಲಿ ಇದೂ ಒಂದು. ಡೇಟಾಬೇಸಿನ ಸೆಕ್ಯುರಿಟಿ ಗ್ರೂಪಿನಲ್ಲಿ ಪೋರ್ಟ್ 5432ಕ್ಕೆ ಬರೆಯಬೇಕಾದದ್ದು ಇಷ್ಟೇ:

```
203.0.113.25/32
```

ಕೊನೆಯ `/32` ಎಂದರೆ ಈ ಒಂದೇ ವಿಳಾಸ, ಪಕ್ಕದ್ದೂ ಅಲ್ಲ. ಕೈತಪ್ಪಿ `/24` ಎಂದು ಬರೆದರೆ ಸುತ್ತಲಿನ 256 ವಿಳಾಸಗಳು ಒಳಗೆ ಬರುತ್ತವೆ. ಬಾಡಿಗೆ ಸರ್ವರ್‌ಗಳ ಲೋಕದಲ್ಲಿ ಆ ನೆರೆಹೊರೆಯವರು ಯಾರೋ ಏನೋ. ವಿಳಾಸ ನಿಜವಾಗಿಯೂ ಖಾಯಮ್ಮಾಗಿರಬೇಕು ಎಂಬುದೂ ಅಷ್ಟೇ ಮುಖ್ಯ. ಕ್ಲೌಡ್‌ನಲ್ಲಿ ಸರ್ವರ್ ಬಾಡಿಗೆಗೆ ಪಡೆದಾಗ ತಾನಾಗಿ ಸಿಗುವ ವಿಳಾಸ, ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಿದರೆ ಕೈಬಿಟ್ಟುಹೋಗಬಹುದು. ವಿಳಾಸವನ್ನು ಬೇರೆಯಾಗಿ ಕಾಯ್ದಿರಿಸಿಕೊಳ್ಳಬೇಕು. ಅಮೆಜಾನ್‌ನಲ್ಲಿ ಇದಕ್ಕೆ ಎಲಾಸ್ಟಿಕ್ ಐಪಿ ಎಂದು ಹೆಸರು.

ಎಲ್ಲರೂ ಎಡವುವ ಜಾಗ ಮುಂದಿದೆ. ಈ ಪಟ್ಟಿ, ಇಳಿದು ಬಂದವರ ಮುಖ ನೋಡದೆ, ಬಂದ ಬಸ್ಸಿನ ನಂಬರನ್ನಷ್ಟೇ ನೋಡಿ ಗೇಟು ತೆಗೆಯುವ ಕಾವಲುಗಾರ. ನೌಕರನ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ‘ಕನೆಕ್ಟೆಡ್’ ಎಂದು ಹಸಿರು ತೋರಿಸಿದ ಮಾತ್ರಕ್ಕೆ ಡೇಟಾಬೇಸಿನ ಮಾತುಕತೆ ಸುರಂಗದಲ್ಲೇ ಹೋಗುತ್ತಿದೆ ಎಂದಲ್ಲ. ವಿಡಿಯೊ ಮೀಟಿಂಗ್ ನಿಧಾನವಾಗುತ್ತದೆ ಎಂದು ಅನೇಕ ಕಂಪನಿಗಳು ಸ್ಪ್ಲಿಟ್ ಟನೆಲ್ ಇಟ್ಟಿರುತ್ತವೆ: ಆಫೀಸಿನ ಒಳ ವಿಳಾಸಗಳಿಗೆ ಹೋಗುವುದು ಮಾತ್ರ ಸುರಂಗಕ್ಕೆ, ಮಿಕ್ಕದ್ದು ಮನೆಯ ಇಂಟರ್ನೆಟ್ಟಿಗೆ. ವೈರ್‌ಗಾರ್ಡ್ ಎಂಬ ವಿಪಿಎನ್ ಆದರೆ ಅದು ಲ್ಯಾಪ್‌ಟಾಪಿನ ಈ ಸಾಲಿನಲ್ಲಿ ಕಾಣುತ್ತದೆ:

```
AllowedIPs = 10.8.0.0/24
```

ಕ್ಲೌಡ್ ಡೇಟಾಬೇಸಿನ ಹೊರ ವಿಳಾಸ ಈ ವ್ಯಾಪ್ತಿಯಲ್ಲಿಲ್ಲ. ಹಾಗಾಗಿ ವಿಪಿಎನ್ ಹಾಕಿಕೊಂಡೇ ಕೂತಿದ್ದರೂ ಶಿವಮೊಗ್ಗದವರು ಮನೆಯ ವಿಳಾಸದಿಂದಲೇ ಹೋಗಿ ತಟ್ಟುತ್ತಾರೆ. ಡೇಟಾಬೇಸಿನ ವಿಳಾಸವನ್ನೂ ಆ ಸಾಲಿಗೆ ಸೇರಿಸಿದರಾಯಿತು ಅನಿಸುತ್ತದೆ, ಆದರೆ ಕ್ಲೌಡ್ ಕಂಪನಿ ಕೊಡುವುದು ಒಂದು ಹೆಸರು. ಅದರ ಹಿಂದಿರುವ ವಿಳಾಸ ಹೀಗೇ ಇರುತ್ತದೆಂಬ ಭರವಸೆ ಇಲ್ಲ. ಇವತ್ತು ಕೆಲಸ ಮಾಡಿದ್ದು, ಡೇಟಾಬೇಸಿನ ದುರಸ್ತಿಯಾದ ಮರುದಿನ ನಿಂತುಬಿಡಬಹುದು. ಡೇಟಾಬೇಸ್ ಮುಟ್ಟುವ ನಾಲ್ಕೈದು ಜನರಿಗಾದರೂ ಎಲ್ಲವೂ ಸುರಂಗದಲ್ಲೇ ಹೋಗುವಂತೆ `AllowedIPs = 0.0.0.0/0, ::/0` ಎಂದು ಬರೆಯುವುದೇ ಮೇಲು, ಮೀಟಿಂಗ್ ಸ್ವಲ್ಪ ತೊದಲಿದರೂ ಚಿಂತೆಯಿಲ್ಲ. ಇಲ್ಲಿ `0.0.0.0/0` ಕಂಡು ಗಾಬರಿ ಬೇಡ: ಅಲ್ಲಿ ಅದು ಯಾರು ಬರಬಹುದು ಎಂಬ ಪಟ್ಟಿ, ಇಲ್ಲಿ ಯಾವುದು ಸುರಂಗಕ್ಕೆ ಹೋಗಬೇಕು ಎಂಬ ಪಟ್ಟಿ.

ತೊಂದರೆ ಎಲ್ಲಿದೆ ಎಂದು ಪರದೆಯ ಮೇಲಿನ ಉತ್ತರವೇ ಹೇಳುತ್ತದೆ. `password authentication failed` ಎಂದು ಬಂದರೆ ನೀವು ಡೇಟಾಬೇಸನ್ನು ತಲುಪಿದ್ದೀರಿ, ಪಟ್ಟಿ ನಿಮ್ಮನ್ನು ಬಿಟ್ಟಿದೆ, ತಪ್ಪಿರುವುದು ಹೆಸರೋ ಪಾಸ್‌ವರ್ಡೋ. ಏನೂ ಹೇಳದೆ ಬಹಳ ಹೊತ್ತು ಕಾಯಿಸಿ `Connection timed out` ಎಂದರೆ ಬಹುಮಟ್ಟಿಗೆ ಪಟ್ಟಿಯೇ ತಡೆದಿದೆ. ಫೈರ್‌ವಾಲ್ ಬೇಡದವರಿಗೆ ‘ಇಲ್ಲ’ ಎಂದೂ ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಆಗ ಪಾಸ್‌ವರ್ಡ್ ಬದಲಿಸುತ್ತ ಕೂತರೆ ಪ್ರಯೋಜನವಿಲ್ಲ.

ಡೇಟಾಬೇಸ್, ವಿಪಿಎನ್ ಸರ್ವರ್ ಎರಡೂ ಒಂದೇ ಕ್ಲೌಡ್ ಜಾಲದೊಳಗಿದ್ದರೆ ಲೆಕ್ಕ ಬೇರೆ. ಆಗ ಡೇಟಾಬೇಸಿನ ಹೆಸರು ಒಳ ವಿಳಾಸವಾಗಿ ತೆರೆದುಕೊಂಡು, ಸಂಪರ್ಕ ಒಳಗಿಂದೊಳಗೇ ಬರಬಹುದು. ಖಾಯಂ ಹೊರ ವಿಳಾಸ ಬರೆದದ್ದು ಕೆಲಸಕ್ಕೇ ಬರುವುದಿಲ್ಲ. ಅಂಥಲ್ಲಿ ನನ್ನ ಮತ, ಡೇಟಾಬೇಸಿಗೆ ಹೊರ ವಿಳಾಸವೇ ಬೇಡ. ಒಳ ದಾರಿಯನ್ನಷ್ಟೇ ಇಟ್ಟುಕೊಳ್ಳಿ.

ಇನ್ನು ಹಳೆಯ ಸಾಲಿನ ವಿಚಾರ. ಪಟ್ಟಿಯ ಸಾಲುಗಳಲ್ಲಿ ಯಾವುದಾದರೂ ಒಂದಕ್ಕೆ ಹೊಂದಿದರೆ ಸಾಕು, ಬಿಟ್ಟುಬಿಡುತ್ತದೆ. ಖಾಯಂ ವಿಳಾಸ ಸೇರಿಸಿ `0.0.0.0/0` ಹಾಗೇ ಉಳಿಸಿದರೆ ಏನೂ ಬದಲಾಗಿರುವುದಿಲ್ಲ, ಎಲ್ಲ ಚೆನ್ನಾಗಿ ನಡೆಯುತ್ತಿರುವಂತೆ ಮಾತ್ರ ಕಾಣುತ್ತದೆ. ಅದನ್ನು ತೆಗೆಯುವ ಮುಂಚೆ, ಇನ್ನೂ ತೆರೆದಿರುವಾಗಲೇ, ಪ್ರತಿಯೊಬ್ಬ ನೌಕರರೂ ವಿಪಿಎನ್ ಹಾಕಿಕೊಂಡು ಡೇಟಾಬೇಸಿನೊಳಗೆ ಹೋಗಿ ಇದನ್ನು ಕೇಳಲಿ:

```sql
SELECT inet_client_addr();
```

ಡೇಟಾಬೇಸಿಗೆ ತಾವು ಯಾವ ವಿಳಾಸದಿಂದ ಬಂದಂತೆ ಕಾಣುತ್ತಿದ್ದೇವೆ ಎಂಬುದು ಉತ್ತರ. ಹುಬ್ಬಳ್ಳಿ, ಮಂಗಳೂರಿನವರಿಗೆ 203.0.113.25 ಬಂದು ಶಿವಮೊಗ್ಗದವರಿಗೆ ಬೇರೇನೋ ಬಂದರೆ, ಸುರಂಗ ತಪ್ಪಿಸಿಕೊಂಡವರು ಅವರೇ. ‘ನನ್ನ ಐಪಿ ಯಾವುದು’ ಎಂದು ಬ್ರೌಸರಿನಲ್ಲಿ ನೋಡಿದರೆ ಸಾಲದು. ಸ್ಪ್ಲಿಟ್ ಟನೆಲ್ ಇದ್ದರೆ ಬ್ರೌಸರಿನ ದಾರಿಯೇ ಬೇರೆ, ಡೇಟಾಬೇಸಿನ ದಾರಿಯೇ ಬೇರೆ ಆಗಿರಬಹುದು. ಕಂಪನಿಯ ವೆಬ್‌ಸೈಟ್ ನಡೆಸುವ ಸರ್ವರ್ ಇದೇ ಡೇಟಾಬೇಸನ್ನು ಬಳಸುತ್ತಿದ್ದರೆ ಅದಕ್ಕೂ ಬೇರೆ ಸಾಲು ಬೇಕು. ಮರೆತರೆ ಮೊದಲು ದೂರು ಕೊಡುವವರು ಗ್ರಾಹಕರು.

ಇಷ್ಟಾದರೂ ಈ ಪಟ್ಟಿ ಒಬ್ಬೊಬ್ಬರನ್ನು ಗುರುತಿಸದು. ದಾಖಲೆಯಲ್ಲಿ ಎಲ್ಲರೂ ಒಂದೇ ವಿಳಾಸವಾಗಿ ಕಾಣುವುದರಿಂದ, ಒಬ್ಬೊಬ್ಬರಿಗೂ ಡೇಟಾಬೇಸಿನಲ್ಲಿ ಬೇರೆ ಹೆಸರು ಕೊಡದಿದ್ದರೆ ಯಾರು ಏನು ಅಳಿಸಿದರು ಎಂದು ತಿಳಿಯುವುದಿಲ್ಲ. ಕೆಲಸ ಬಿಟ್ಟವರ ವಿಪಿಎನ್ ಕೀಲಿಯನ್ನೂ ಡೇಟಾಬೇಸಿನ ಹೆಸರನ್ನೂ ಎರಡನ್ನೂ ರದ್ದು ಮಾಡಬೇಕು.

ಹಳೆಯ ಸಾಲು ತೆಗೆದ ಮೇಲೆ ಕೊನೆಯ ಪರೀಕ್ಷೆಯನ್ನು ಹೊಸ ಸಂಪರ್ಕದಿಂದಲೇ ಮಾಡಬೇಕು, ಏಕೆಂದರೆ ಮೊದಲೇ ತೆರೆದುಕೊಂಡಿದ್ದ ಸಂಪರ್ಕ ಸಾಲು ತೆಗೆದ ತಕ್ಷಣ ಕಡಿದುಹೋಗಲೇಬೇಕೆಂದಿಲ್ಲ. ವಿಪಿಎನ್ ಆಫ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ, ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ. ಕಾದು ಕಾದು ಟೈಮ್‌ಔಟ್ ಆದರೆ ಸರಿ. ಪಾಸ್‌ವರ್ಡ್ ತಪ್ಪು ಎಂಬ ಉತ್ತರ ಬಂತೋ, ಪಟ್ಟಿಯಲ್ಲಿ ಇನ್ನೂ ಯಾವುದೋ ಹಳೆಯ ಸಾಲು ಉಳಿದಿದೆ.