ಗೆರೆ ಮೆಟ್ಟಿಲಾದರೆ ಒಂದು ಮದ್ದು, ವೃತ್ತ ಮೂಲೆಮೂಲೆಯಾದರೆ ಇನ್ನೊಂದು

ಸಾಧಾರಣ ಲ್ಯಾಪ್‌ಟಾಪಿನಲ್ಲಿ ಫ್ರೀಕ್ಯಾಡ್ ಬಳಸುವವರ ದೂರು ಹೆಚ್ಚುಕಡಿಮೆ ಒಂದೇ: ಮೌಸ್ ಹಿಡಿದು ಮಾಡೆಲ್ ತಿರುಗಿಸಲು ಹೋದರೆ ಅದು ತಡೆದು ತಡೆದು ತಿರುಗುತ್ತದೆ. ಆಗ ಸಿಗುವ ಮೊದಲ ಸಲಹೆ, ‘ಆಂಟಿ-ಅಲಿಯಾಸಿಂಗ್ ತೆಗೆದುಹಾಕಿ’. ಕೆಲವೊಮ್ಮೆ ಇದು ಫಲಿಸುತ್ತದೆ. ಎಷ್ಟೋ ಸಲ ಗೆರೆಗಳು ಒರಟಾದದ್ದೇ ಬಂತು, ತಡವರಿಕೆ ಇದ್ದ ಹಾಗೇ ಇರುತ್ತದೆ.

ತೆರೆಯ ಮೇಲೆ ಒಂದು ಚಿತ್ರ ಮೂಡಲು ಎರಡು ಕೆಲಸ ಆಗಬೇಕು. ಮಾಡೆಲಿನ ಮೇಲ್ಮೈಯನ್ನು ಸಾವಿರಾರು ಪುಟ್ಟ ತ್ರಿಕೋನಗಳಾಗಿ ಒಡೆದು ಗ್ರಾಫಿಕ್ಸ್ ಚಿಪ್ಪಿಗೆ ದಾಟಿಸುವುದು ಒಂದು. ಆ ತ್ರಿಕೋನಗಳು ಬಿದ್ದ ಕಡೆಯೆಲ್ಲ ಪಿಕ್ಸೆಲ್‌ಗಳಿಗೆ ಬಣ್ಣ ತುಂಬುವುದು ಇನ್ನೊಂದು. ಆಂಟಿ-ಅಲಿಯಾಸಿಂಗ್‌ನ ಭಾರ ಬೀಳುವುದು ಈ ಎರಡನೆಯದರ ಮೇಲೆ. ನಿಮ್ಮ ಯಂತ್ರ ಸೋಲುತ್ತಿರುವುದು ಎಲ್ಲಿ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ: ಫ್ರೀಕ್ಯಾಡ್ ಕಿಟಕಿಯನ್ನು ಎಳೆದು ಕಾಲುಭಾಗಕ್ಕೆ ಕುಗ್ಗಿಸಿ, ಮಾಡೆಲ್ ಪೂರ್ತಿ ಕಾಣುವಂತೆ ಇಟ್ಟುಕೊಂಡು ತಿರುಗಿಸಿ. ಸಲೀಸಾಗಿ ತಿರುಗಿದರೆ ಹೊರೆ ಪಿಕ್ಸೆಲ್‌ಗಳದ್ದು. ಏನೂ ವ್ಯತ್ಯಾಸ ಕಾಣದಿದ್ದರೆ ಹೊರೆ ತ್ರಿಕೋನಗಳದ್ದು. ಆಂಟಿ-ಅಲಿಯಾಸಿಂಗ್ ತಂಟೆಗೆ ಹೋಗುವುದೇ ಬೇಡ.

ಪಿಕ್ಸೆಲ್ ಹೊರೆ ಎಂದೇ ಇಟ್ಟುಕೊಳ್ಳೋಣ. 1366×768 ತೆರೆಯಲ್ಲಿ ಸುಮಾರು ಹತ್ತೂವರೆ ಲಕ್ಷ ಪಿಕ್ಸೆಲ್‌ಗಳಿವೆ. ಬಣ್ಣಕ್ಕೆ 4 ಬೈಟ್, ಆಳದ ಲೆಕ್ಕಕ್ಕೆ 4 ಬೈಟ್ ಎಂದು ಹಿಡಿದರೆ ಒಂದು ಚಿತ್ರಕ್ಕೆ ಸುಮಾರು 8 ಎಂಬಿ ಸಾಕು. `MSAA 8x` ಆರಿಸಿದರೆ ಪ್ರತಿ ಪಿಕ್ಸೆಲ್‌ನಲ್ಲೂ ಎಂಟು ಬಿಂದುಗಳ ಲೆಕ್ಕ ಇಡಬೇಕು. ಅದು 67 ಎಂಬಿಯ ಹತ್ತಿರ ಹೋಗುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಇದಷ್ಟೂ ಮಾಮೂಲಿ ರ‍್ಯಾಮ್ ಮೂಲಕವೇ ಓಡಾಡಬೇಕು, ಅದೂ ಸೆಕೆಂಡಿಗೆ ಹತ್ತಾರು ಸಲ. `2x` ಇಟ್ಟರೆ ಗೆರೆಗಳ ಮೆಟ್ಟಿಲು ಸಾಕಷ್ಟು ಮಾಸುತ್ತದೆ, ಖರ್ಚೂ ಕೈಮೀರುವುದಿಲ್ಲ. ದಿನದ ಕೆಲಸಕ್ಕೆ ನಾನು ಹೇಳುವುದು ಅದನ್ನೇ. ಇದು ಇರುವುದು `Preferences` ಒಳಗಿನ `Display` ವಿಭಾಗದ `3D View` ಪುಟದಲ್ಲಿ. ಬದಲಿಸಿದ ಮೇಲೆ ಫ್ರೀಕ್ಯಾಡ್ ಮುಚ್ಚಿ ಮತ್ತೆ ತೆರೆಯಬೇಕು. ಈಗಾಗಲೇ ತೆರೆದಿರುವ ನೋಟಕ್ಕೆ ಹೊಸ ಆಯ್ಕೆ ತಾಗುವುದಿಲ್ಲ. ಇದು ಗೊತ್ತಿಲ್ಲದೆ ‘ಬದಲಿಸಿ ನೋಡಿದೆ, ಏನೂ ಆಗಲಿಲ್ಲ’ ಎನ್ನುವವರು ಬೇಕಾದಷ್ಟು ಜನ.

ಇನ್ನು ತ್ರಿಕೋನಗಳ ಕಡೆಗೆ ಬರೋಣ. ನಿಜವಾದ ಗೊಂದಲ ಇರುವುದು ಇಲ್ಲಿ. ದುಂಡಗಿನ ಪೈಪು ತೆರೆಯ ಮೇಲೆ ಮೂಲೆಮೂಲೆಯಾಗಿ ಕಂಡರೆ ಅದೂ ಆಂಟಿ-ಅಲಿಯಾಸಿಂಗ್ ಕೊರತೆ ಎಂದುಕೊಳ್ಳುತ್ತಾರೆ. ಝೂಮ್ ಮಾಡಿದರೆ ಗುಟ್ಟು ಬಯಲಾಗುತ್ತದೆ: ಪಿಕ್ಸೆಲ್‌ನ ಮೆಟ್ಟಿಲು ಎಷ್ಟು ಹತ್ತಿರ ಹೋದರೂ ಅಷ್ಟೇ ಗಾತ್ರದಲ್ಲಿರುತ್ತದೆ, ಮೂಲೆಗಳಾದರೆ ಮಾಡೆಲ್ ಜೊತೆಗೆ ತಾವೂ ಹಿಗ್ಗುತ್ತವೆ. ಈ ಮೂಲೆಗಳ ಹಿಂದಿರುವುದು `Angular Deflection` ಎಂಬ ಅಂಕಿ. ಅದರ ಮಾಮೂಲಿ ಬೆಲೆ 28.5 ಡಿಗ್ರಿ, ಅಂದರೆ ಒಂದು ಸುತ್ತಿಗೆ ಸುಮಾರು 13 ತುಂಡು. 5 ಡಿಗ್ರಿಗೆ ಇಳಿಸಿದರೆ ತುಂಡುಗಳು 72 ಆಗಿ ಪೈಪು ನುಣ್ಣಗೆ ಕಾಣುತ್ತದೆ. ಚೆಂದ ಕಂಡಿತೆಂದು ಎಲ್ಲ ಭಾಗಗಳಿಗೂ ಅದನ್ನೇ ಹಾಕಿದರೆ ಕೆಟ್ಟಿತು.

ಒಂದು ಪಂಪಿನ ಜೋಡಣೆ, ಅದರಲ್ಲಿ ಥ್ರೆಡ್ ಸಮೇತ ಮಾಡಿದ ನಲವತ್ತು ಎಂ10 ಬೋಲ್ಟು ಎನ್ನಿ. ಥ್ರೆಡ್ಡಿನ ಉದ್ದ 30 ಮಿಮೀ, ಪಿಚ್ 1.5 ಮಿಮೀ ಆದರೆ ಇಪ್ಪತ್ತು ಸುತ್ತು. ಪ್ರತಿ ಸುತ್ತಿಗೆ ನಾಲ್ಕು ಪಟ್ಟಿ: ಎರಡು ಇಳಿಜಾರು, ಒಂದು ತುದಿ, ಒಂದು ತಳ. ಪ್ರತಿ ಪಟ್ಟಿಯ ಪ್ರತಿ ತುಂಡಿಗೆ ಕನಿಷ್ಠ ಎರಡು ತ್ರಿಕೋನ. 28.5 ಡಿಗ್ರಿಯಲ್ಲಿ ಇದು ಒಂದು ಬೋಲ್ಟಿಗೆ ಎರಡು ಸಾವಿರ, ನಲವತ್ತಕ್ಕೆ ಎಂಬತ್ತು ಸಾವಿರ ದಾಟುತ್ತದೆ. 5 ಡಿಗ್ರಿಯಲ್ಲಿ ನಾಲ್ಕೂವರೆ ಲಕ್ಷ ಮೀರುತ್ತದೆ. ಪಂಪಿನ ಮೈಗಿಂತ ಬೋಲ್ಟುಗಳೇ ಭಾರ!

ಹಾಗಾಗಿ ಕಣ್ಣಿಗೆ ಬೀಳುವ ದೊಡ್ಡ ಭಾಗವೊಂದನ್ನೇ ಆರಿಸಿ, ಅದರ `View` ಗುಣಗಳಲ್ಲಿ ಕೋನವನ್ನು 10ಕ್ಕೆ ಇಳಿಸಿ; ಬೋಲ್ಟುಗಳನ್ನು ಮುಟ್ಟಬೇಡಿ. ಸಾಧ್ಯವಿದ್ದರೆ ಥ್ರೆಡ್ಡೇ ಇಲ್ಲದ ನುಣುಪು ಬೋಲ್ಟು ಹಾಕಿ. ನಕ್ಷೆಯಲ್ಲಿ ‘ಎಂ10’ ಎಂದು ಬರೆದರೆ ವರ್ಕ್‌ಶಾಪಿನವರಿಗೆ ಅರ್ಥವಾಗುತ್ತದೆ. ಬೇಡದ ಭಾಗವನ್ನು ಆರಿಸಿ ಸ್ಪೇಸ್ ಕೀ ಒತ್ತಿದರೆ ಅದು ಮರೆಯಾಗುತ್ತದೆ. `Display Mode` ಅನ್ನು `Flat Lines` ಬದಲು `Shaded` ಮಾಡಿದರೆ ಅಂಚಿನ ಗೆರೆಗಳನ್ನು ಎಳೆಯುವ ಕೆಲಸ ತಪ್ಪುತ್ತದೆ. ಥ್ರೆಡ್ಡಿನಂಥ ಕಡೆ ಆ ಗೆರೆಗಳೂ ಕಮ್ಮಿಯಲ್ಲ. ಇಷ್ಟೆಲ್ಲ ಬದಲಿಸಿದರೂ ಅಳತೆ ಒಂದು ಕೂದಲೆಳೆಯಷ್ಟೂ ಕದಲದು. ಒಳಗಿನ ಆಕಾರ ನಿಖರವಾಗಿಯೇ ಇರುತ್ತದೆ, ಬದಲಾಗುವುದು ತೋರಿಕೆ ಮಾತ್ರ.

ಇವೆಲ್ಲ ಮಾಡಿದರೂ ನಾಲ್ಕಾರು ಡಬ್ಬಿಗಳ ಮಾಡೆಲ್ ಸಹ ತಡವರಿಸುತ್ತಿದ್ದರೆ ಅನುಮಾನ ಡ್ರೈವರ್ ಕಡೆ ತಿರುಗಬೇಕು. ಲಿನಕ್ಸ್‌ನಲ್ಲಿ ಈ ಆದೇಶ ಕೊಟ್ಟು ನೋಡಿ:

```
glxinfo -B
```

ಉತ್ತರದಲ್ಲಿ `llvmpipe` ಎಂದು ಕಂಡರೆ ಗ್ರಾಫಿಕ್ಸ್ ಚಿಪ್ ಸುಮ್ಮನೆ ಕೂತಿದೆ, ಅದರ ಕೆಲಸವನ್ನೂ ಪ್ರೊಸೆಸರೇ ಮಾಡುತ್ತಿದೆ ಎಂದರ್ಥ. ಮೊದಲು ಸರಿಯಾದ ಡ್ರೈವರ್ ಹಾಕಿ, ಆಮೇಲೆ ಕಿಟಕಿ ಕುಗ್ಗಿಸುವ ಪರೀಕ್ಷೆ ಮಾಡಿ.